ಮಾರ್ಚ್ ಕೊನೆಯ ಐದು ದಿನದ ಮಾರಾಟ: ಬಿಲ್ ಇದೆ, ಮಾಲು ಹೋಗಿದೆಯೇ?

ಪ್ರಶ್ನೆ: ಸರ್, ನಾನು ಸಿಎ ಆರ್ಟಿಕಲ್‌ಶಿಪ್ ಎರಡನೇ ವರ್ಷದಲ್ಲಿದ್ದೇನೆ. ಪಿವಿಸಿ ಪೈಪ್ ಮಾಡಿ ಡೀಲರ್‌ಗಳಿಗೆ ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಆಡಿಟ್ ನನ್ನ ಪಾಲಿಗೆ ಬಂದಿದೆ. 'ಆದಾಯದಲ್ಲಿ ವಂಚನೆಯ ಅಪಾಯ ಇದೆ ಎಂದು ಭಾವಿಸಲಾಗಿದೆ' ಅಂತ ಪ್ರತಿವರ್ಷ ಫೈಲಿನಲ್ಲಿ ಬರೆಯುತ್ತಾರೆ. ಕೆಳಗೆ 25 ಬಿಲ್ ನೋಡಿ ಟಿಕ್ ಹಾಕುತ್ತಾರೆ, ಡೀಲರ್‌ಗಳಿಂದ ಬಾಕಿ ದೃಢೀಕರಣ ಪತ್ರ ತರಿಸುತ್ತಾರೆ. ಅಷ್ಟು ಸಾಕೇ? ಜಿಎಸ್‌ಟಿ ರಿಟರ್ನ್ ತಾಳೆಯಾದ ಮೇಲೆ ಮಾರಾಟ ಸುಳ್ಳಾಗಲು ಹೇಗೆ ಸಾಧ್ಯ? ಬೇಡ ಅನಿಸಿದರೆ ಈ ಅಪಾಯವನ್ನು ಫೈಲಿನಿಂದ ತೆಗೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಬೇಗ ಮುಗಿಯುತ್ತದೆ. ಆಡಿಟ್ ಮಾನದಂಡ ಎಸ್‌ಎ 240 ಪ್ರಕಾರ ಈ ಅಪಾಯ ಇದೆ ಎಂದುಕೊಂಡೇ ಆಡಿಟ್ ಆರಂಭಿಸಬೇಕು. ಇಲ್ಲ ಎನ್ನುವುದಾದರೆ ಯಾಕಿಲ್ಲ ಎಂದು ಬರೆದಿಡಬೇಕು. ಒಂದೇ ಕಟ್ಟಡ, ಒಬ್ಬನೇ ಬಾಡಿಗೆದಾರ, ತಿಂಗಳು ತಿಂಗಳು ಅಷ್ಟೇ ಬಾಡಿಗೆ ಬರುವ ಕಂಪನಿಯಾದರೆ ಹಾಗೆ ಬರೆಯಬಹುದು. ನಿಮ್ಮದು ಡೀಲರ್ ವ್ಯಾಪಾರ. ಟಾರ್ಗೆಟ್, ಸ್ಕೀಮು, ವಾಪಸಾತಿ, ಉದ್ರಿ ಎಲ್ಲವೂ ಅದರಲ್ಲಿವೆ. ತೆಗೆಯಲಾಗದು.

ಆ ಸಾಲು ಫೈಲಿನಲ್ಲಿ ಇರುವುದು ಸರಿಯೇ. ಅದು ಏನನ್ನೂ ಹೇಳುತ್ತಿಲ್ಲ ಎಂಬುದೇ ನನ್ನ ತಕರಾರು. 'ಆದಾಯದಲ್ಲಿ ವಂಚನೆ' ಅಂದರೆ ಯಾವ ಆದಾಯ, ಯಾರು ಮಾಡಬಹುದು, ಏನು ಸಿಗುತ್ತದೆಂದು ಮಾಡುತ್ತಾರೆ, ಹೇಗೆ ಮಾಡುತ್ತಾರೆ? ಇಷ್ಟನ್ನು ಬರೆಯದಿದ್ದರೆ ಕೆಳಗಿನ 25 ಬಿಲ್ಲುಗಳಿಗೂ ಮೇಲಿನ ಸಾಲಿಗೂ ಸಂಬಂಧವೇ ಇರುವುದಿಲ್ಲ.

ಅದರಲ್ಲೂ ಮೊದಲು ನೋಡಬೇಕಾದದ್ದು ದಿಕ್ಕು. ಮನೆತನದ ಕಂಪನಿಗಳಲ್ಲಿ ತೆರಿಗೆ ಉಳಿಸಲು ಮಾರಾಟ ಮುಚ್ಚಿಡುವವರಿದ್ದಾರೆ, ಬ್ಯಾಂಕಿನಿಂದ ಹೆಚ್ಚು ಸಾಲ ಪಡೆಯಲು ಮಾರಾಟ ಉಬ್ಬಿಸುವವರೂ ಇದ್ದಾರೆ. ಎರಡಕ್ಕೂ ಪರೀಕ್ಷೆ ಉಲ್ಟಾ. ಉಬ್ಬಿಸಿದ ಶಂಕೆ ಇದ್ದರೆ ಲೆಕ್ಕದ ಪುಸ್ತಕದಿಂದ ಬಿಲ್ ಎತ್ತಿಕೊಂಡು ಗೇಟಿನ ಕಡೆ ಹೋಗಬೇಕು: ಬರೆದದ್ದು ನಡೆದಿದೆಯೇ? ಮುಚ್ಚಿಟ್ಟ ಶಂಕೆ ಇದ್ದರೆ ಗೇಟ್ ರಿಜಿಸ್ಟರಿನಿಂದ ಹೊರಟು ಪುಸ್ತಕಕ್ಕೆ ಬರಬೇಕು: ನಡೆದದ್ದನ್ನು ಬರೆದಿದ್ದಾರೆಯೇ? ಮಾರಾಟ ಮುಚ್ಚಿಟ್ಟ ಕಂಪನಿಯಲ್ಲಿ ಬಿಲ್ ಪುಸ್ತಕದಿಂದ 25 ಬಿಲ್ ಎತ್ತಿ ನೋಡಿದರೆ ಇಪ್ಪತ್ತೈದೂ ಸರಿಯಾಗಿಯೇ ಇರುತ್ತವೆ. ಬಿಲ್ಲೇ ಇಲ್ಲದ ಮಾರಾಟ ಬಿಲ್ ಪುಸ್ತಕದಲ್ಲಿ ಎಲ್ಲಿ ಸಿಗಬೇಕು?

ಇನ್ನು ಉಬ್ಬಿಸುವ ಕಥೆ. ಕೆಲವು ವರ್ಷಗಳ ಹಿಂದೆ ನಾನೇ ಕೂತು ಮಾಡಿದ ಒಂದು ಆಡಿಟ್ ಹೇಳುತ್ತೇನೆ. ಹೆಸರು ಬೇಡ, ಗುರುತು ಸಿಗದಂತೆ ಅಂಕಿಗಳನ್ನೂ ಸ್ವಲ್ಪ ಬದಲಿಸಿ ದುಂಡಗೆ ಮಾಡಿದ್ದೇನೆ. ಬೋರ್‌ವೆಲ್ ಪಂಪ್ ತಯಾರಿಸುವ ಕಂಪನಿ. ವರ್ಷದ ಮಾರಾಟ 84 ಕೋಟಿ ರೂಪಾಯಿ. ಅದರಲ್ಲಿ ಮಾರ್ಚ್ ಒಂದೇ ತಿಂಗಳು 14.6 ಕೋಟಿ, ಉಳಿದ ಹನ್ನೊಂದು ತಿಂಗಳ ಸರಾಸರಿ 6.3 ಕೋಟಿ. 'ಬೇಸಿಗೆ ಸಾರ್, ಈಗಲೇ ಅಲ್ವಾ ಬೋರ್ ಕೊರೆಸೋದು' ಎಂದರು ಸೇಲ್ಸ್ ಮುಖ್ಯಸ್ಥರು. ಮಾತು ಸುಳ್ಳಲ್ಲ, ಪಂಪಿನ ವ್ಯಾಪಾರ ಬೇಸಿಗೆಯಲ್ಲಿ ಏರುವುದೇ. ಆದರೆ ಹಿಂದಿನ ವರ್ಷದ ಬೇಸಿಗೆಯೂ ಬೇಸಿಗೆಯೇ, ಆಗ ಮಾರ್ಚ್ ಮಾರಾಟ 9.2 ಕೋಟಿ ಇತ್ತು. ಅದಕ್ಕಿಂತ ಕಣ್ಣಿಗೆ ಹೊಡೆದದ್ದು 27ರಿಂದ 31ರವರೆಗಿನ ಐದು ದಿನದ ಮಾರಾಟ: 6.2 ಕೋಟಿ. ಸೇಲ್ಸ್ ಮುಖ್ಯಸ್ಥರ ಇನ್ಸೆಂಟಿವ್ 82 ಕೋಟಿ ದಾಟಿದರೆ ಮಾತ್ರ ಸಿಗುವಂಥದ್ದು. ಏಪ್ರಿಲ್‌ನಲ್ಲಿ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ರಿನ್ಯೂವಲ್ ಬೇರೆ ಇತ್ತು.

ಇಲ್ಲಿ ಬಿಲ್ಲುಗಳನ್ನು ತೆಗೆಯುವ ಮೊದಲು ಒಂದು ಕಾಗದದ ಮೇಲೆ ಗುಣಾಕಾರ ಹಾಕಿದೆವು. ಪಂಪಿನ ಸರಾಸರಿ ದರ 18,000 ರೂಪಾಯಿ. 6.2 ಕೋಟಿಗೆ ಸುಮಾರು 3,440 ಪಂಪ್. ಡಬ್ಬ ಸಮೇತ ಒಂದು ಲಾರಿಗೆ 160 ಹಿಡಿಯುತ್ತವೆ. ಅಂದರೆ ಐದು ದಿನದಲ್ಲಿ 21-22 ಲಾರಿ ಹೊರಗೆ ಹೋಗಿರಬೇಕು. ಗೇಟಿನಲ್ಲಿ ಸೆಕ್ಯುರಿಟಿಯವರು ಕೈಯಲ್ಲಿ ಬರೆಯುವ ರಿಜಿಸ್ಟರ್ ತರಿಸಿ ನೋಡಿದರೆ ಮಾಲು ತುಂಬಿಕೊಂಡು ಹೋದ ಲಾರಿ ಒಂಬತ್ತೇ. ಒಂಬತ್ತು ಲಾರಿಗೆ 1,440 ಪಂಪ್, 2.6 ಕೋಟಿ. ಉಳಿದ 2,000 ಪಂಪ್, 3.6 ಕೋಟಿ ರೂಪಾಯಿಯ ಮಾಲು, ಬಿಲ್ಲಿನಲ್ಲಿ ಹೋಗಿದೆ, ಗೇಟಿನಿಂದ ಹೋಗಿಲ್ಲ. 84ರಲ್ಲಿ 3.6 ಕಳೆದರೆ 80.4. ಟಾರ್ಗೆಟ್ 82.

ನಾವು ಗೇಟ್ ರಿಜಿಸ್ಟರಿಗೇ ಯಾಕೆ ಹೋದೆವು ಎಂಬುದನ್ನು ಗಮನಿಸಿ. ಬಿಲ್, ಡೆಲಿವರಿ ಚಲನ್, ಡೀಲರ್ ಲೆಡ್ಜರ್ ಎಲ್ಲವೂ ಸೇಲ್ಸ್ ಮತ್ತು ಅಕೌಂಟ್ಸ್‌ನವರ ಕೈಯಲ್ಲೇ ಹುಟ್ಟುತ್ತವೆ. ಒಂದನ್ನು ಸುಳ್ಳಾಗಿ ಹುಟ್ಟಿಸುವವರಿಗೆ ಮೂರನ್ನೂ ಹುಟ್ಟಿಸುವುದು ಕಷ್ಟವಲ್ಲ. ಗೇಟಿನ ಸೆಕ್ಯುರಿಟಿ ಬೇರೆ ಏಜೆನ್ಸಿಯವರು, ಅವರಿಗೆ ಟಾರ್ಗೆಟ್ ಗೊತ್ತಿಲ್ಲ. ಲಾರಿ ಬಾಡಿಗೆಯ ಬಿಲ್ಲೂ ಹಾಗೆಯೇ, ಓಡದ ಲಾರಿಗೆ ಟ್ರಾನ್ಸ್‌ಪೋರ್ಟಿನವರು ಬಾಡಿಗೆ ಕೇಳುವುದಿಲ್ಲ. ಆ ಐದು ದಿನಕ್ಕೆ ಬಂದ ಬಾಡಿಗೆ ಬಿಲ್‌ಗಳೂ ಒಂಬತ್ತೇ ಲೋಡಿನವು.

ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಇ-ವೇ ಬಿಲ್ ಇತ್ತೇ ಎಂದು ಕೇಳುತ್ತೀರಿ. ಬಹುಪಾಲು ಬಿಲ್‌ಗಳಿಗೆ ಇತ್ತು. ಅದನ್ನು ಬಿಲ್ ಜೊತೆ ಪಿನ್ ಮಾಡಿ ಟಿಕ್ ಹಾಕಿದ್ದರೆ ನಾವೂ ಮೋಸ ಹೋಗುತ್ತಿದ್ದೆವು. ಇ-ವೇ ಬಿಲ್ಲನ್ನು ತಯಾರಿಸುವವರೂ ಕಂಪನಿಯವರೇ, ಅದು ಲಾರಿ ಹೊರಟಿತು ಎಂಬುದಕ್ಕೆ ಸಾಕ್ಷಿಯಲ್ಲ. ಆದರೆ ಓದಲು ಬಂದರೆ ಅದು ಬಾಯಿ ಬಿಡುತ್ತದೆ. ಕೆಲವಕ್ಕೆ ಭಾಗ-ಎ ಮಾತ್ರ ತುಂಬಿದ್ದರು, ವಾಹನದ ನಂಬರ್ ಇರುವ ಭಾಗ-ಬಿ ಖಾಲಿ. ಟ್ರಾನ್ಸ್‌ಪೋರ್ಟರ್ ಗೋಡೌನಿನವರೆಗಿನ ಹತ್ತಿರದ ಸಾಗಣೆ ಬಿಟ್ಟರೆ, ಭಾಗ-ಬಿ ಇಲ್ಲದೆ ಮಾಲು ರಸ್ತೆಗಿಳಿಯುವಂತಿಲ್ಲ. ನಂಬರ್ ಇದ್ದವನ್ನು ಎಕ್ಸೆಲ್‌ಗೆ ಹಾಕಿ ವಾಹನದ ಪ್ರಕಾರ ಸಾರ್ಟ್ ಮಾಡಿದಾಗ, ಒಂದೇ ಲಾರಿ 30ನೇ ತಾರೀಕು ಮಧ್ಯಾಹ್ನ ವಿಜಯಪುರಕ್ಕೂ ಅದೇ ಸಂಜೆ ಕೋಲಾರಕ್ಕೂ ಹೊರಟಿತ್ತು. ಲಾರಿಗೆ ರೆಕ್ಕೆ ಇರಲಿಲ್ಲ.

ಹಾಗಾದರೆ 2,000 ಪಂಪ್ ಎಲ್ಲಿದ್ದವು? ಫ್ಯಾಕ್ಟರಿ ಹಿಂದಿನ ಶೆಡ್ಡಿನಲ್ಲಿ 1,150. ಉಳಿದ 850 ಊರಾಚೆಯ ಬಾಡಿಗೆ ಗೋಡೌನಿನಲ್ಲಿ. ಮಾರ್ಚ್ 31ರ ಸ್ಟಾಕ್ ಎಣಿಕೆಗೆ ಹೋಗಿದ್ದ ನಮ್ಮ ಹುಡುಗ ಶೆಡ್ಡಿನ ಮಾಲು ನೋಡಿದ್ದ. ಪ್ರತಿ ಡಬ್ಬದ ಮೇಲೂ ಡೀಲರ್ ಹೆಸರಿನ ಚೀಟಿ. 'ಇದು ಡೀಲರ್ ಮಾಲು, ಎಣಿಸಬೇಡಿ' ಎಂದರಂತೆ, ಅವನು ಎಣಿಸಲಿಲ್ಲ. ಪುಣ್ಯಕ್ಕೆ 'ಎಣಿಸಿಲ್ಲ' ಎಂದು ಶೀಟಿನ ಅಂಚಿನಲ್ಲಿ ಬರೆದುಕೊಂಡಿದ್ದ. ಆ ಅರ್ಧ ಸಾಲು ಇಲ್ಲದಿದ್ದರೆ ಈ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ಎಣಿಕೆಗೆ ಹೋದಾಗ ಎಣಿಸಬೇಡಿ ಎಂದ ಮಾಲನ್ನು ತಪ್ಪದೇ ಎಣಿಸಿ, ಯಾರ ಚೀಟಿ ಅಂಟಿದೆ ಎಂದು ಬರೆದುಕೊಳ್ಳಿ.

ಮಾಲು ಇಲ್ಲೇ ಇದ್ದ ಮಾತ್ರಕ್ಕೆ ಮಾರಾಟ ಸುಳ್ಳು ಎಂದು ಹೇಳುವಂತಿಲ್ಲ. ಆದಾಯ ಯಾವಾಗ ಬರೆಯಬೇಕು ಎಂದು ಹೇಳುವ ಲೆಕ್ಕಪತ್ರ ಮಾನದಂಡ ಎಎಸ್ 9ನ್ನು ಕಂಪನಿ ಅನುಸರಿಸುತ್ತಿತ್ತು. ಕೊಳ್ಳುವವರೇ ಕೇಳಿಕೊಂಡ ಕಾರಣಕ್ಕೆ ಡೆಲಿವರಿ ತಡವಾಗಿ, ಮಾಲಿನ ಒಡೆತನವನ್ನೂ ಬಿಲ್ಲನ್ನೂ ಅವರು ಒಪ್ಪಿಕೊಂಡಿದ್ದರೆ, ಮಾಲು ಬೇರೆಯಾಗಿ ಗುರುತಾಗಿ ಕಳಿಸಲು ಸಿದ್ಧವಾಗಿದ್ದರೆ, ಆದಾಯ ಬರೆಯಲು ಅದರಲ್ಲಿ ಅವಕಾಶವಿದೆ. ಚೀಟಿ ಅಂಟಿಸಿದ್ದು ಈ ನಿಯಮ ಗೊತ್ತಿದ್ದವರೇ. ಹಾಗಾಗಿ ನಮ್ಮ ಪ್ರಶ್ನೆ ಒಂದೇ: ಇಲ್ಲೇ ಇಟ್ಟುಕೊಳ್ಳಿ ಎಂದು ಡೀಲರ್ ಕೇಳಿದ್ದು ಯಾವಾಗ, ಎಲ್ಲಿ? ಎರಡು ದಿನ ಬಿಟ್ಟು ಏಳು ಡೀಲರ್‌ಗಳ ಏಳು ಪತ್ರ ಬಂದವು. ಏಳರಲ್ಲೂ 'ಗೋಡೌನ್' ಎಂಬ ಪದವನ್ನು ಒಂದೇ ರೀತಿ ತಪ್ಪಾಗಿ ಬರೆಯಲಾಗಿತ್ತು.

ಈಗ ನೀವು ಕೇಳಿದ ದೃಢೀಕರಣ ಪತ್ರಕ್ಕೆ ಬರೋಣ. ಏಳು ಡೀಲರ್‌ಗಳಿಗೂ ನಾವು ಬಾಕಿ ಪತ್ರ ಕಳಿಸಿದ್ದೆವು. ಆರು ಮಂದಿ 'ಸರಿ ಇದೆ' ಎಂದು ಸಹಿ ಹಾಕಿ ಕಳಿಸಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ನಾವೇ ಕೇಳಬೇಕಾದ್ದನ್ನು ಕೇಳಿರಲಿಲ್ಲ. 'ಮಾರ್ಚ್ 31ಕ್ಕೆ ನಿಮ್ಮ ಬಾಕಿ ಇಷ್ಟು, ಸರಿಯೇ?' ಎಂದರೆ, ಬಿಲ್ ಬಂದಿದೆ, ಲೆಡ್ಜರಿನಲ್ಲಿದೆ, ಸರಿ ಎನ್ನುತ್ತಾರೆ. ಮಾಲು ಬಂತೇ, ವಾಪಸ್ ಕೊಡಬಹುದೇ, ದುಡ್ಡು ಯಾವಾಗ ಎಂದು ಪತ್ರ ಕೇಳುವುದೇ ಇಲ್ಲ.

ಎರಡನೇ ಸುತ್ತಿನಲ್ಲಿ ಪತ್ರ ಬದಲಿಸಿದೆವು. ಬಾಕಿಯ ಜೊತೆ ಮೂರು ಪ್ರಶ್ನೆ ಸೇರಿಸಿದೆವು: ಪಟ್ಟಿಯಲ್ಲಿರುವ ಬಿಲ್‌ಗಳ ಮಾಲು ನಿಮ್ಮ ಅಂಗಡಿ ಅಥವಾ ಗೋಡೌನಿಗೆ ಬಂದ ತಾರೀಕು ಯಾವುದು? ಮಾರಾಟವಾಗದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಾಗಿ ಕಂಪನಿಯವರು ಬಾಯಿಮಾತಿನಲ್ಲೋ ಬರಹದಲ್ಲೋ ಹೇಳಿದ್ದಾರೆಯೇ? ಹಣ ಕೊಡುವ ಗಡುವು ಯಾವುದು? ಪತ್ರವನ್ನು ನಾವೇ ಅಂಚೆಗೆ ಹಾಕಿದೆವು. ವಿಳಾಸವನ್ನು ಕಂಪನಿ ಕೊಟ್ಟ ಪಟ್ಟಿಯಿಂದ ತೆಗೆದುಕೊಳ್ಳದೆ ಜಿಎಸ್‌ಟಿ ಪೋರ್ಟಲ್ಲಿನಿಂದ ತೆಗೆದುಕೊಂಡೆವು. ಉತ್ತರ ನೇರ ನಮ್ಮ ಆಫೀಸಿಗೆ ಬರುವಂತೆ ಬರೆದೆವು. ಜೊತೆಗೆ ಇಬ್ಬರು ಡೀಲರ್‌ಗಳ ಅಂಗಡಿಗೆ ಕಂಪನಿಗೆ ತಿಳಿಸಿ ನಾವೇ ಹೋದೆವು. ಒಬ್ಬರು ಚಹಾ ತರಿಸಿ, ಮೊಬೈಲ್ ತೆಗೆದು ಸೇಲ್ಸ್‌ನವರ ವಾಟ್ಸಾಪ್ ತೋರಿಸಿದರು: 'ಬಿಲ್ ಹಾಕ್ತೀವಿ ಅಣ್ಣ, ಜೂನ್ ಒಳಗೆ ಹೋಗದ ಮಾಲು ನಾವೇ ವಾಪಸ್ ತಗೋತೀವಿ, ಪೇಮೆಂಟ್ ಕೇಳಲ್ಲ.' ಅವರಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಿಸಿರಲಿಲ್ಲ. ಕಂಪನಿಯವರು ಉಪಕಾರ ಕೇಳಿದರು, ಮಾಡಿದೆವು, ಅಷ್ಟೇ.

ಆ ಒಂದು ಸಂದೇಶದಿಂದ ಮಾತು ಪೂರ್ತಿ ಬದಲಾಯಿತು. ಅದುವರೆಗೂ ಇದು ತಾರೀಕಿನ ಪ್ರಶ್ನೆಯಂತಿತ್ತು: ಮಾರ್ಚ್‌ನ ಮಾರಾಟವೋ ಏಪ್ರಿಲ್‌ನದೋ. ಮಾಲಿನ ಹೊಣೆ ಡೀಲರ್‌ಗೆ ದಾಟಿಯೇ ಇಲ್ಲ ಎಂದ ಮೇಲೆ ಅದು ಏಪ್ರಿಲ್‌ನ ಮಾರಾಟವೂ ಅಲ್ಲ, ಡೀಲರ್ ಅದನ್ನು ರೈತನಿಗೆ ಮಾರಿದಾಗಷ್ಟೇ ಮಾರಾಟ. ಲೆಕ್ಕದಲ್ಲಿ ಮಾರಾಟ 3.6 ಕೋಟಿ ಇಳಿಯಿತು. ಪಂಪಿನ ತಯಾರಿಕಾ ವೆಚ್ಚ 14,000 ರೂಪಾಯಿ, ಆ ಲೆಕ್ಕದಲ್ಲಿ 2.8 ಕೋಟಿ ಸ್ಟಾಕ್ ಮೇಲಕ್ಕೆ ಬಂತು. ಲಾಭ 80 ಲಕ್ಷ ಕಡಿಮೆಯಾಯಿತು.

'ಜಿಎಸ್‌ಟಿ ಕಟ್ಟಿದ್ದೀವಲ್ಲ ಸಾರ್, ಸುಳ್ಳು ಮಾರಾಟಕ್ಕೆ ಯಾರು ತೆರಿಗೆ ಕಟ್ಟುತ್ತಾರೆ?' ಎಂದು ಇಲ್ಲಿಯೂ ಕೇಳಿದರು. ಕೇಳಲು ಗಟ್ಟಿಯಾಗಿದೆ, ಆದರೆ ಟೊಳ್ಳು. ಕಂಪನಿ ಕಟ್ಟಿದ ತೆರಿಗೆಯನ್ನು ಡೀಲರ್ ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳುತ್ತಾನೆ. ಮಾಲು ವಾಪಸ್ ಬಂದಾಗ ಕಂಪನಿ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನು ಇಳಿಸಿಕೊಳ್ಳುತ್ತದೆ. ಇದಕ್ಕೆ ಮುಂದಿನ ನವೆಂಬರ್ 30ರವರೆಗೆ ಸಮಯವಿದೆ. ಕೆಲವು ತಿಂಗಳು ಹಣ ಕಟ್ಟಿಹಾಕಿಕೊಂಡಂತಾಯಿತೇ ಹೊರತು ಹೋದದ್ದೇನೂ ಇಲ್ಲ. ಇನ್ನು ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ತಾಳೆ ನೋಡುವುದು ಎಂದರೆ ಕಂಪನಿಯ ಬಿಲ್ ಪಟ್ಟಿಯನ್ನು ಕಂಪನಿಯದೇ ಬಿಲ್ ಪಟ್ಟಿಯ ಜೊತೆ ಹೋಲಿಸಿದಂತೆ. ಎರಡೂ ಒಂದೇ ಟ್ಯಾಲಿಯಿಂದ ಬಂದವು, ತಾಳೆಯಾಗದೆ ಇನ್ನೇನು?

ಜಿಎಸ್‌ಟಿ ವ್ಯವಸ್ಥೆಯಲ್ಲಿ ನಮಗೆ ನಿಜವಾಗಿ ಕೆಲಸಕ್ಕೆ ಬರುವುದು ಇ-ಇನ್‌ವಾಯ್ಸ್‌ನ ಸ್ವೀಕೃತಿ ತಾರೀಕು. ವಹಿವಾಟು 5 ಕೋಟಿ ದಾಟಿದ ಕಂಪನಿ ಇನ್ನೊಂದು ವ್ಯಾಪಾರಕ್ಕೆ ಕೊಡುವ ಬಿಲ್ಲನ್ನು ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ಆಗ ಬೀಳುವ ತಾರೀಕು, ಗಂಟೆ ಸರ್ಕಾರದ ಸರ್ವರಿನದು. ಬಿಲ್ ತಾರೀಕು ಮಾರ್ಚ್ 31, ಸ್ವೀಕೃತಿ ಏಪ್ರಿಲ್ 6 ಎಂದಿದ್ದರೆ ಆ ಬಿಲ್ ಏಪ್ರಿಲ್ 6ರಂದು ಹುಟ್ಟಿತೇ ಎಂದು ಕೇಳಲೇಬೇಕು. ಎರಡು ಕಾಲಮ್ ಪಕ್ಕಪಕ್ಕ ಇಟ್ಟು ಕಳೆಯುವ ಕೆಲಸ, ಹತ್ತು ನಿಮಿಷ ಸಾಕು. ಇದೇ ಕೆಲಸ ಟ್ಯಾಲಿಯ ಎಡಿಟ್ ಲಾಗ್‌ನಲ್ಲೂ ಆಗುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬದಲಾವಣೆಯ ದಾಖಲೆ ಉಳಿಯಲೇಬೇಕು. ಮಾರಾಟದ ಖಾತೆಗೆ ಸೇಲ್ಸ್ ವೋಚರ್ ಬಿಟ್ಟು ಜರ್ನಲ್ ವೋಚರಿನಿಂದ ಬಂದ ಜಮೆಗಳನ್ನೂ, ವರ್ಷ ಮುಗಿದ ಮೇಲೆ ಮಾರ್ಚ್ ತಾರೀಕಿಗೆ ಹಾಕಿದ ನಮೂದುಗಳನ್ನೂ ಫಿಲ್ಟರ್ ಮಾಡಿ ತೆಗೆಯಿರಿ. ಜರ್ನಲ್ ಪರೀಕ್ಷೆಯನ್ನು ಅಪಾಯ ಇದೆ ಅನಿಸಲಿ, ಬಿಡಲಿ, ಮಾಡಲೇಬೇಕು ಎಂದು ಎಸ್‌ಎ 240 ಹೇಳುತ್ತದೆ.

ಪೂರ್ತಿ ಇಲ್ಲದ ಗಿರಾಕಿಗೆ, ಇಲ್ಲದ ಕೆಲಸಕ್ಕೆ ಬಿಲ್ ಹಾಕಿದರೆ ಹೇಗೆ ಕಾಣುತ್ತದೆ ಎಂಬುದಕ್ಕೆ ಸಾಫ್ಟ್‌ವೇರ್ ಕಂಪನಿ ಸತ್ಯಂ ಇದೆ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಬರೆದ ಪತ್ರದ ಪ್ರಕಾರ 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆಯ ಲಾಭ 649 ಕೋಟಿ, ನಿಜ 61 ಕೋಟಿ. ಎರಡರ ವ್ಯತ್ಯಾಸ ಕಳೆದು ನೋಡಿ, ಎರಡೂ ಕಡೆ 588 ಕೋಟಿ. ಸುಳ್ಳು ಆದಾಯಕ್ಕೆ ಖರ್ಚೇ ಇಲ್ಲವಾದ್ದರಿಂದ ಒಂದು ರೂಪಾಯಿಯೂ ಸೋರದೆ ಲಾಭಕ್ಕೆ ಇಳಿದಿದೆ. ನಮ್ಮ ಪಂಪಿನ ಕಂಪನಿಯಲ್ಲಿ ಮಾಲು ನಿಜವಾಗಿ ಇತ್ತು, ಹಾಗಾಗಿ 3.6 ಕೋಟಿಯಲ್ಲಿ ಲಾಭ 80 ಲಕ್ಷಕ್ಕೆ ನಿಂತಿತು.

ಜೋಡಿ ನಮೂದಿನಲ್ಲಿ ಸುಳ್ಳು ಜಮೆಗೆ ಎದುರಾಗಿ ಎಲ್ಲೋ ಒಂದು ಕಡೆ ಸುಳ್ಳು ಡೆಬಿಟ್ ಬೀಳಲೇಬೇಕು. ಬಿಲ್ಲಿನ ದುಡ್ಡು ಬಾರದೆ ವರ್ಷಗಟ್ಟಲೆ ಡೀಲರ್ ಬಾಕಿಯಲ್ಲಿ ಕೂತರೆ ಯಾರಾದರೂ ಕೇಳುತ್ತಾರೆ. ಸತ್ಯಂನಲ್ಲಿ ಅದನ್ನು ಬ್ಯಾಂಕಿಗೆ ಬಂದಂತೆ ತೋರಿಸಿದರು. ಲೆಕ್ಕದಲ್ಲಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಬ್ಯಾಂಕ್ ದೃಢೀಕರಣವನ್ನು ಆಡಿಟರ್‌ಗಳು ತಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳದೆ ಕಂಪನಿಯ ಕೈಗೆ ಬಿಟ್ಟಿದ್ದರು ಎಂದು 2011ರಲ್ಲಿ ಅಮೆರಿಕದ ಸೆಕ್ಯುರಿಟೀಸ್ ನಿಯಂತ್ರಕರು ದಂಡ ಹಾಕಿದರು. ಆದ್ದರಿಂದ ಮಾರಾಟದ ಪರೀಕ್ಷೆ ಮಾರಾಟದ ಖಾತೆಯಲ್ಲೇ ಮುಗಿಯುವುದಿಲ್ಲ. ಮಾರ್ಚ್‌ನ ಬಿಲ್‌ಗಳ ಹಣ ಏಪ್ರಿಲ್‌ನಿಂದ ಬಂತೇ, ಬಂದದ್ದು ಡೀಲರ್ ಖಾತೆಯಿಂದಲೇ ಬಂತೇ ಎಂದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಿ. ಸೋದರ ಸಂಸ್ಥೆಯಿಂದ ಹಣ ಬಂದು ಡೀಲರ್ ಹೆಸರಿಗೆ ಜಮೆಯಾಗಿದ್ದನ್ನೂ ನಾನು ಕಂಡಿದ್ದೇನೆ.

ನಿಮ್ಮ ಪೈಪ್ ಕಂಪನಿಗೆ ಬರೋಣ. ಆಡಿಟ್ ಈಗ ನಡೆಯುತ್ತಿದ್ದರೆ ನಿಮಗೊಂದು ಅನುಕೂಲವಿದೆ: ಏಪ್ರಿಲ್‌ನಿಂದ ಈಚಿನ ತಿಂಗಳುಗಳು ಕೈಯಲ್ಲಿವೆ. ಮೊದಲು ಆ ಅವಧಿಯ ಕ್ರೆಡಿಟ್ ನೋಟ್‌ಗಳನ್ನೆಲ್ಲ ಒಂದೂ ಬಿಡದೆ ತೆಗೆಯಿರಿ, ಪ್ರತಿಯೊಂದೂ ಯಾವ ಬಿಲ್ಲಿಗೆ ಎಂದು ಜೋಡಿಸಿ. ಮಾರ್ಚ್ ಕೊನೆಯ ವಾರದ ಬಿಲ್‌ಗಳೇ ವಾಪಸ್ ಬರುತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಹೋಗಬಹುದು. ಆಮೇಲೆ ಪಂಪಿಗೆ ಹಾಕಿದ ಗುಣಾಕಾರವನ್ನೇ ಪೈಪಿಗೆ ಹಾಕಿ. ಪೈಪ್ ಹಗುರ, ಜಾಗ ಜಾಸ್ತಿ ತಿನ್ನುತ್ತದೆ, ಆದ್ದರಿಂದ ತೂಕಕ್ಕಿಂತ ಲಾರಿ ಲೆಕ್ಕವೇ ಹೆಚ್ಚು ಹೇಳುತ್ತದೆ. 25 ಬಿಲ್ ಬೇಕೇ ಬೇಕು ಎಂದಾದರೆ ವರ್ಷವಿಡೀ ಚೆಲ್ಲುವ ಬದಲು ಹೆಚ್ಚಿನದನ್ನು ಕೊನೆಯ ವಾರದಿಂದ ಎತ್ತಿ. ಸಾಧ್ಯವಾದರೆ ಕಂಪನಿ ಊಹಿಸದ ಒಂದು ಕೆಲಸವನ್ನೂ ಸೇರಿಸಿ. ಪ್ರತಿವರ್ಷ ಅದೇ 25 ಬಿಲ್ ನೋಡುತ್ತಾರೆಂದು ಅವರಿಗೂ ಗೊತ್ತು.

ಏನಾದರೂ ಸಿಕ್ಕಿದರೆ ಸೇಲ್ಸ್‌ನವರ ಬಳಿ 'ಇದೇನು ಸಾರ್' ಎಂದು ಕೇಳಲು ಹೋಗಬೇಡಿ. ಮಾರನೇ ದಿನ ಏಳು ಪತ್ರ ಬರುತ್ತವೆ. ಕಾಗದದ ನಕಲು ಇಟ್ಟುಕೊಂಡು ನೇರ ನಿಮ್ಮ ಪಾರ್ಟ್‌ನರ್‌ಗೆ ಹೇಳಿ. ಕಂಪನಿ ಕಾಯ್ದೆಯ 143(12)ನೇ ಕಲಂ ಪ್ರಕಾರ ಅಧಿಕಾರಿಗಳೋ ನೌಕರರೋ ಮಾಡಿದ ವಂಚನೆ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದರೆ, ತಿಳಿದ ಎರಡು ದಿನದಲ್ಲಿ ಬೋರ್ಡ್ ಅಥವಾ ಆಡಿಟ್ ಕಮಿಟಿಗೆ ಬರೆಯಬೇಕು. ಅವರ ಉತ್ತರಕ್ಕೆ 45 ದಿನ ಕಾಯಬೇಕು, ಆಮೇಲೆ 15 ದಿನದೊಳಗೆ ಎಡಿಟಿ-4 ಫಾರ್ಮಿನಲ್ಲಿ ಕೇಂದ್ರ ಸರ್ಕಾರಕ್ಕೆ ಕಳಿಸಬೇಕು. ಇದು ವಂಚನೆಯೋ ತಪ್ಪೋ ಎಂದು ತೀರ್ಮಾನಿಸುವುದು ಸಹಿ ಹಾಕುವವರ ಕೆಲಸ.

ಫೈಲಿನ ಆ ಸಾಲನ್ನು ಮಾತ್ರ ಇವತ್ತೇ ಬದಲಿಸಿ. ಪಂಪ್ ಕಂಪನಿಯ ಮುಂದಿನ ವರ್ಷದ ಫೈಲಿನಲ್ಲಿ ನಾವು ಬರೆದದ್ದು ಹೀಗಿತ್ತು: 'ಮಾರಾಟದ ಟಾರ್ಗೆಟ್ ಮುಟ್ಟಲು ಸೇಲ್ಸ್ ವಿಭಾಗದವರು ವಾಪಸ್ ತೆಗೆದುಕೊಳ್ಳುವ ಗುಟ್ಟಿನ ಭರವಸೆ ಕೊಟ್ಟು, ಮಾಲು ಕಳಿಸದೆ ಮಾರ್ಚ್ ಕೊನೆಯ ವಾರ ಡೀಲರ್‌ಗಳಿಗೆ ಬಿಲ್ ಹಾಕುವ ಅಪಾಯ.' ಆ ವರ್ಷ ಮಾರ್ಚ್ 28ರಂದೇ ನಮ್ಮ ಇಬ್ಬರು ಹುಡುಗರು ಗೇಟಿನ ಬಳಿ ಕುರ್ಚಿ ಹಾಕಿ ಕೂತಿದ್ದರು.